ಪೇಷಂಟ್ ಒಂದು ಕಡೆ ಕೂರುತ್ತಿಲ್ಲ: ಕಾಯಿಲೆಯೋ, ಮಾತ್ರೆಯೋ?

ಹಾಸನದಲ್ಲಿ ಸೈಕಿಯಾಟ್ರಿ ಪೋಸ್ಟಿಂಗ್ ಶುರುವಾದ ವಾರದೊಳಗೆ ನರ್ಸಿಂಗ್ ಹುಡುಗ ಹುಡುಗಿಯರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಮೇಡಂ, ಸ್ಕಿಜೋಫ್ರೇನಿಯಾ ಪೇಷಂಟ್ ಬೆಳಗಿಂದ ವಾರ್ಡ್ ತುಂಬಾ ಓಡಾಡ್ತಾನೇ ಇದ್ದಾರೆ. ಕಾಯಿಲೆ ಜಾಸ್ತಿ ಆಯ್ತಾ? ಕೇಸ್ ಶೀಟಲ್ಲಿ ಏನು ಬರೀಬೇಕು?"

ಹೆಚ್ಚಿನವರು ಬರೆಯುವುದು "ಅಜಿಟೇಟೆಡ್" ಅಂತ, ಅಂದರೆ ಉದ್ರೇಕಗೊಂಡಿದ್ದಾರೆ ಎಂದು. ಆ ಒಂದು ಪದ ನೋಡಿ ರಾತ್ರಿ ಇನ್ನೊಂದು ಇಂಜೆಕ್ಷನ್ ಬೀಳಬಹುದು. ಓಡಾಟಕ್ಕೆ ಕಾರಣ ಅದೇ ಇಂಜೆಕ್ಷನ್ ಆಗಿದ್ದರೆ? ಮಾತ್ರೆಯಿಂದ ಚಡಪಡಿಕೆ, ಚಡಪಡಿಕೆಗೆ ಇನ್ನಷ್ಟು ಮಾತ್ರೆ, ಅದರಿಂದ ಇನ್ನಷ್ಟು ಚಡಪಡಿಕೆ. ಈ ಸುತ್ತನ್ನು ಮೊದಲು ಕಾಣುವ ಅವಕಾಶ ಇರುವುದು ವಾರ್ಡಿನಲ್ಲಿ ಗಂಟೆಗಟ್ಟಲೆ ನಿಲ್ಲುವ ನಿಮಗೆ. ಡಾಕ್ಟರ್ ರೌಂಡ್ಸಿಗೆ ಬಂದಾಗ ಒಬ್ಬೊಬ್ಬರಿಗೆ ಕೊಡಲು ಆಗುವುದು ಕೆಲವೇ ನಿಮಿಷ.

ಸ್ಕಿಜೋಫ್ರೇನಿಯಾಗೆ ಕೊಡುವ ಆಂಟಿಸೈಕೋಟಿಕ್ ಮಾತ್ರೆಯಿಂದ ಬರುವ ಈ ಚಡಪಡಿಕೆಗೆ ಅಕಥೀಸಿಯಾ ಎನ್ನುತ್ತಾರೆ. ಕೂತಲ್ಲಿ ಕೂರಲಾಗದ ಸ್ಥಿತಿ ಎಂದರ್ಥ. ಅದನ್ನು ಹಿಡಿಯುವುದು ಹೇಗೆ, ಹಿಡಿದ ಮೇಲೆ ಏನು ಮಾಡಬೇಕು ಎಂಬುದೇ ಈ ಬರಹ. ಆಂಟಿಸೈಕೋಟಿಕ್‌ಗಳ ಉಳಿದ ಅಡ್ಡಪರಿಣಾಮಗಳು ದಾರಿಯಲ್ಲಿ ಸಿಕ್ಕಷ್ಟು ಬರುತ್ತವೆ.

ಕೈಯಲ್ಲಿ ಇರಬೇಕಾದ್ದು: ಸೆಕೆಂಡ್ ಮುಳ್ಳಿನ ವಾಚು, ಥರ್ಮಾಮೀಟರ್, ಬಿಪಿ ನೋಡುವ ಯಂತ್ರ, ಕೈ ಇಲ್ಲದ ಒಂದು ಕುರ್ಚಿ, ಒಂದು ಸಣ್ಣ ಪುಸ್ತಕ. ಇಲ್ಲಿ ಬರುವ ಡೋಸ್‌ಗಳು ನೀವು ಚಾರ್ಟ್ ಓದುವಾಗ ಅರ್ಥವಾಗಲಿ ಎಂದು ಕೊಟ್ಟವು. ಬದಲಾಯಿಸುವುದು ಡಾಕ್ಟರ್ ಕೆಲಸ.

ಒಂದು ಕೇಸನ್ನು ಜೊತೆಗೇ ನೋಡುತ್ತಾ ಹೋಗೋಣ. ಪಾಠಕ್ಕೆಂದು ನಾನೇ ಕಟ್ಟಿದ ಕೇಸ್ ಇದು. ಸಕಲೇಶಪುರದ ಕಡೆಯ ಕಾಫಿ ತೋಟದಲ್ಲಿ ಕೆಲಸ ಮಾಡುವ 26 ವರ್ಷದ ಯುವಕ. ಮಂಜ ಎಂದು ಕರೆಯೋಣ. ಮೂರು ತಿಂಗಳಿಂದ ಕಿವಿಯಲ್ಲಿ ಇಬ್ಬರು ಗಂಡಸರು ಅವನ ಬಗ್ಗೆ ಮಾತಾಡುತ್ತಾರೆ. ತೋಟದ ರೈಟರು ಊಟಕ್ಕೆ ವಿಷ ಹಾಕುತ್ತಿದ್ದಾನೆ ಎಂಬುದು ಅವನ ನಂಬಿಕೆ. ಊಟ ಬಿಟ್ಟಿದ್ದಾನೆ, ಸ್ನಾನ ಬಿಟ್ಟಿದ್ದಾನೆ. ಅಮ್ಮ ಮೊದಲು ದೇವರು ಕೇಳಿಸಿದರು, ಆಮೇಲೆ ಆಸ್ಪತ್ರೆಗೆ ಕರೆತಂದರು.

1. ಪೇಷಂಟ್ ಹತ್ತಿರ ಹೋಗುವ ಮೊದಲು ಡ್ರಗ್ ಚಾರ್ಟ್ ಓದಿ

ಮಂಜನ ಚಾರ್ಟ್ ಹೀಗಿದೆ. ಮೊದಲ ರಾತ್ರಿ ಹ್ಯಾಲೋಪೆರಿಡಾಲ್ 5 ಮಿಲಿಗ್ರಾಂ ಮತ್ತು ಪ್ರೊಮೆಥಜೀನ್ 50 ಮಿಲಿಗ್ರಾಂ ಇಂಜೆಕ್ಷನ್. ಎರಡನೇ ದಿನದಿಂದ ಹ್ಯಾಲೋಪೆರಿಡಾಲ್ ಮಾತ್ರೆ 5 ಮಿಲಿಗ್ರಾಂ ಬೆಳಿಗ್ಗೆ, 5 ರಾತ್ರಿ. ಜೊತೆಗೆ ಟ್ರೈಹೆಕ್ಸಿಫೆನಿಡಿಲ್ 2 ಮಿಲಿಗ್ರಾಂ ಬೆಳಿಗ್ಗೆ. ನಾಲ್ಕನೇ ದಿನ ರಾತ್ರಿಯ ಡೋಸ್ 10ಕ್ಕೆ ಏರಿದೆ. ಐದನೇ ದಿನ ರಾತ್ರಿ "ಅಜಿಟೇಟೆಡ್, ಓಡಾಟ" ಎಂದು ಬರೆದು ಹ್ಯಾಲೋಪೆರಿಡಾಲ್, ಪ್ರೊಮೆಥಜೀನ್ ಎಸ್‌ಒಎಸ್ ಕೊಟ್ಟಿದ್ದಾರೆ. ಎಸ್‌ಒಎಸ್ ಎಂದರೆ ಬೇಕಾದಾಗ ಮಾತ್ರ ಕೊಡಲು ಡಾಕ್ಟರ್ ಮೊದಲೇ ಬರೆದಿಟ್ಟ ಔಷಧ. ಇವತ್ತು ಆರನೇ ದಿನ.

ಇಲ್ಲಿ ನೀವು ಬರೆದುಕೊಳ್ಳಬೇಕಾದ ದಿನಾಂಕ ಎರಡೇ: ಔಷಧ ಶುರುವಾದ ದಿನ, ಡೋಸ್ ಏರಿದ ದಿನ. ಹ್ಯಾಲೋಪೆರಿಡಾಲ್‌ನಂಥ ಆಂಟಿಸೈಕೋಟಿಕ್ ಔಷಧಗಳ ಚಲನೆಯ ತೊಂದರೆಗಳು ತಮ್ಮದೇ ವೇಳಾಪಟ್ಟಿ ಹಿಡಿದು ಬರುತ್ತವೆ. ಕತ್ತು ತಿರುಚುವುದು, ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಕೊಳ್ಳುವುದು ಮೊದಲ ಕೆಲವು ಗಂಟೆಗಳಿಂದ ನಾಲ್ಕೈದು ದಿನದೊಳಗೆ. ಕೂರಲಾಗದ ಚಡಪಡಿಕೆ ಕೆಲವು ದಿನಗಳಿಂದ ಕೆಲವು ವಾರಗಳಲ್ಲಿ. ಮೈ ಬಿಗಿ, ನಡುಕ, ನಿಧಾನ ನಡಿಗೆ ವಾರಗಳಲ್ಲಿ. ಬಾಯಿ ಚಪ್ಪರಿಸುವುದು, ನಾಲಿಗೆ ಹೊರಳಿಸುವುದು ತಿಂಗಳು ವರ್ಷಗಳ ಮೇಲೆ.

ಮಂಜನ ಓಡಾಟ ಡೋಸ್ ಏರಿದ ಮಾರನೇ ದಿನ ಜೋರಾಗಿದೆ. ಇದು ಸುಳಿವು ಮಾತ್ರ, ತೀರ್ಮಾನವಲ್ಲ.

ಇಲ್ಲೊಂದು ಎಡವುವ ಜಾಗ ಇದೆ. "ಟ್ರೈಹೆಕ್ಸಿಫೆನಿಡಿಲ್ ಕೊಡ್ತಿದ್ದಾರಲ್ಲ, ಅಡ್ಡಪರಿಣಾಮ ಹೇಗೆ ಬರುತ್ತೆ?" ಎನ್ನುತ್ತಾರೆ. ಅದು ಕತ್ತು ತಿರುಚುವುದಕ್ಕೆ, ಬಿಗಿತಕ್ಕೆ, ನಡುಕಕ್ಕೆ ಚೆನ್ನಾಗಿ ಕೆಲಸ ಮಾಡುತ್ತದೆ. ಅಕಥೀಸಿಯಾಗೆ ಅಷ್ಟಾಗಿ ಅಲ್ಲ.

2. ಕಾಯಿಲೆಯ ಲಕ್ಷಣ ಇವತ್ತು ಎಲ್ಲಿದೆ ಎಂದು ಕೇಳಿ

ಸ್ಕಿಜೋಫ್ರೇನಿಯಾದ ಲಕ್ಷಣಗಳನ್ನು ಪುಸ್ತಕದಲ್ಲಿ ಪಾಸಿಟಿವ್, ನೆಗೆಟಿವ್ ಎಂದು ಓದಿರುತ್ತೀರಿ. ಒಳ್ಳೆಯದು ಕೆಟ್ಟದು ಎಂದಲ್ಲ. ಇಲ್ಲದ್ದು ಬಂದು ಸೇರಿದರೆ ಪಾಸಿಟಿವ್: ಯಾರೂ ಇಲ್ಲದಾಗ ಕೇಳುವ ದನಿ, ಎಷ್ಟು ಹೇಳಿದರೂ ಅಲುಗದ ಸಂಶಯ, ಕೊಂಡಿ ಕಳಚಿದ ಮಾತು. ಇದ್ದದ್ದು ಕಳೆದುಹೋದರೆ ನೆಗೆಟಿವ್: ಮಾತು ಕಮ್ಮಿ, ಮುಖದಲ್ಲಿ ಭಾವ ಇಲ್ಲ, ಯಾವುದಕ್ಕೂ ಮನಸ್ಸಿಲ್ಲ.

ನಿಮಗೆ ಬೇಕಿರುವ ಉತ್ತರ ಒಂದು: ದಾಖಲಾದ ದಿನಕ್ಕೆ ಹೋಲಿಸಿದರೆ ದನಿ, ಸಂಶಯ ಜಾಸ್ತಿಯೋ ಕಮ್ಮಿಯೋ? ಪಕ್ಕದಲ್ಲಿ, ಸ್ವಲ್ಪ ಓರೆಯಾಗಿ ಕೂತು ಕೇಳಿ. ಎದುರಿಗೆ ಅಡ್ಡ ನಿಲ್ಲಬೇಡಿ, ಬಾಗಿಲಿಗೆ ನಿಮಗೂ ಅವರಿಗೂ ದಾರಿ ಇರಲಿ. "ಮಂಜಣ್ಣ, ಬಂದ ದಿನ ಇಬ್ಬರು ಮಾತಾಡೋದು ಕೇಳ್ತಿದೆ ಅಂದಿದ್ರಿ. ಇವತ್ತು ಹೇಗಿದೆ? ಏನಾದ್ರೂ ಮಾಡು ಅಂತ ಹೇಳ್ತಾರಾ?" ಕೊನೆಯ ಪ್ರಶ್ನೆ ಬಿಡಬೇಡಿ. ತನಗೋ ಬೇರೆಯವರಿಗೋ ಏಟು ಮಾಡು ಎಂದು ದನಿ ಹೇಳುತ್ತಿದ್ದರೆ ಆಗಲೇ ಸ್ಟಾಫ್ ನರ್ಸ್‌ಗೆ ತಿಳಿಸಬೇಕು.

"ಯಾವ ದನಿನೂ ಇಲ್ಲ, ಸುಮ್ನೆ ಭ್ರಮೆ" ಎಂದು ವಾದ ಮಾಡಬೇಡಿ. "ಹೌದು, ನನಗೂ ಕೇಳ್ತಿದೆ" ಎಂದು ತಾಳವನ್ನೂ ಹಾಕಬೇಡಿ. "ನನಗೆ ಕೇಳ್ತಿಲ್ಲ, ಆದ್ರೆ ನಿಮಗೆ ಕೇಳ್ತಿದೆ, ಅದರಿಂದ ಹೆದರಿಕೆ ಆಗ್ತಿದೆ ಅಂತ ಗೊತ್ತಾಗ್ತಿದೆ" ಎಂದರೆ ಸಾಕು.

ಮಂಜ ಹೇಳಿದ್ದು: "ಆ ಮಾತು ಕಮ್ಮಿ ಆಗೈತೆ ಸಿಸ್ಟರ್. ಅನ್ನ ತಿಂತಿದೀನಿ. ಕಾಲೇ ಬಿಡ್ತಿಲ್ಲ."

ಕಾಯಿಲೆ ಇಳಿಯುತ್ತಿದೆ, ಓಡಾಟ ಏರುತ್ತಿದೆ. ಎರಡೂ ಒಂದೇ ದಿಕ್ಕಿಗೆ ಹೋಗುತ್ತಿಲ್ಲ. ಇದು ಎರಡನೇ ಸುಳಿವು.

3. ಎರಡು ನಿಮಿಷ ಕೂರಿಸಿ, ಎರಡು ನಿಮಿಷ ನಿಲ್ಲಿಸಿ

ಅಕಥೀಸಿಯಾ ಅಳೆಯಲು ಬಾರ್ನ್ಸ್ ಎಂಬ ಅಳತೆಪಟ್ಟಿ 1989ರಿಂದ ಬಳಕೆಯಲ್ಲಿದೆ. ಅದರ ನೋಡುವ ಭಾಗ ತುಂಬಾ ಸರಳ. ಪೇಷಂಟನ್ನು ಕೂರಿಸಿ, ಊರು, ತೋಟ, ಮಳೆ ಅಂತ ಏನಾದರೂ ಮಾತಾಡಿಸುತ್ತಾ ಕನಿಷ್ಠ ಎರಡು ನಿಮಿಷ ನೋಡಿ. ಆಮೇಲೆ ನಿಲ್ಲಿಸಿ ಇನ್ನೆರಡು ನಿಮಿಷ.

ವಾಚು ನೋಡಿಯೇ ಮಾಡಿ. ಅರ್ಧ ನಿಮಿಷ ಯಾರು ಬೇಕಾದರೂ ತಡೆದುಕೊಂಡು ಕೂರುತ್ತಾರೆ, ಅದರಲ್ಲೂ ಬಿಳಿ ಕೋಟಿನವರು "ಅಲ್ಲಾಡಬೇಡಿ" ಎಂದರೆ. ಹಾಗಾಗಿ ಅಲ್ಲಾಡಬೇಡಿ ಎಂದು ಹೇಳಲೇಬೇಡಿ. ನೀವು ಕಾಲು ನೋಡುತ್ತಿದ್ದೀರಿ ಎಂದು ಗೊತ್ತಾದರೂ ಕೆಲವರು ಹಿಡಿದುಕೊಳ್ಳುತ್ತಾರೆ. ಮುಖ ನೋಡಿ ಮಾತಾಡುತ್ತಾ ಕಣ್ಣಂಚಿನಲ್ಲಿ ಕಾಲು ನೋಡುವುದು ಎರಡು ದಿನದಲ್ಲಿ ಅಭ್ಯಾಸವಾಗುತ್ತದೆ.

ಕೂತಾಗ ನೋಡಬೇಕಾದ್ದು: ಪಾದ ನೆಲಕ್ಕೆ ಉಜ್ಜುವುದು, ಒಂದು ಕಾಲನ್ನು ಬೀಸುವುದು, ಕಾಲ ಮೇಲೆ ಕಾಲು ಹಾಕಿ ತೆಗೆದು ಮತ್ತೆ ಹಾಕುವುದು, ಮಾತಿನ ನಡುವೆ ಎದ್ದುಬಿಡುವುದು. ನಿಂತಾಗ: ಭಾರವನ್ನು ಈ ಕಾಲಿಂದ ಆ ಕಾಲಿಗೆ ಬದಲಾಯಿಸುತ್ತಲೇ ಇರುವುದು, ನಿಂತಲ್ಲೇ ಕವಾಯತು ಮಾಡುವಂತೆ ಕಾಲೆತ್ತಿ ಇಡುವುದು. ತೊಂದರೆ ಹೆಚ್ಚಾಗಿ ಇರುವುದು ಸೊಂಟದ ಕೆಳಗೆ. ಕಾಯಿಲೆಯ ಉದ್ರೇಕದಲ್ಲಿ ಅದು ಕಣ್ಣು, ದನಿ, ಕೈಗಳಲ್ಲೂ ಕಾಣುತ್ತದೆ. ಯಾರನ್ನೋ ದುರುಗುಟ್ಟಿ ನೋಡುವುದು, ಗಾಳಿಗೆ ಉತ್ತರ ಕೊಡುವುದು, ಒಂದು ಕಾರಣ ಹಿಡಿದು ಒಂದು ಕಡೆಗೇ ನುಗ್ಗುವುದು.

ಮಂಜ ಕೂತ ಎರಡು ನಿಮಿಷದಲ್ಲಿ ಎರಡು ಸಲ ಎದ್ದ, ಪಾದ ಒಂದೇ ಸಮ ಉಜ್ಜುತ್ತಿದ್ದ. ನಿಂತಾಗ ಕಾಲು ಬದಲಾಯಿಸುತ್ತಲೇ ಇದ್ದ. ಕೈ ಸುಮ್ಮನಿತ್ತು. ಕೇಳಿದ್ದಕ್ಕೆಲ್ಲ ಸರಿಯಾಗಿ ಉತ್ತರ ಕೊಟ್ಟ.

4. ಒಳಗೆ ಹೇಗಿದೆ ಎಂದು ಕೇಳಿ, ಅವರ ಮಾತಿನಲ್ಲೇ ಬರೆದುಕೊಳ್ಳಿ

ಅಕಥೀಸಿಯಾದ ಅರ್ಧ ಭಾಗ ಹೊರಗೆ ಕಾಣುವುದಿಲ್ಲ. "ರೆಸ್ಟ್‌ಲೆಸ್ ಇದೆಯಾ?" ಎಂದು ಕೇಳಿದರೆ ಯಾರಿಗೂ ಅರ್ಥವಾಗುವುದಿಲ್ಲ. "ಟೆನ್ಷನ್ ಇದೆಯಾ?" ಎಂದರೆ ಎಲ್ಲರೂ ಹೌದು ಎನ್ನುತ್ತಾರೆ. ಹೀಗೆ ಕೇಳಿ ನೋಡಿ:

"ಸುಮ್ನೆ ಕೂತ್ಕೊಂಡ್ರೆ ಒಳಗೆ ಏನಾಗುತ್ತೆ?"
"ಎದ್ದು ಓಡಾಡಿದ್ರೆ ಸ್ವಲ್ಪ ಸಮಾಧಾನ ಆಗುತ್ತಾ?"
"ಓಡಾಡ್ಬೇಕು ಅಂತ ನಿಮಗೆ ಇಷ್ಟ ಇದೆಯಾ, ಇಲ್ಲ ತಡ್ಕೊಳ್ಳೋಕೆ ಆಗ್ದೇ ಓಡಾಡ್ತೀರಾ?"
"ಮಾತ್ರೆ ತಗೊಳ್ಳೋಕೆ ಮುಂಚೆ ಮನೇಲೂ ಹೀಗೇ ಇತ್ತಾ?"

ಬರುವ ಉತ್ತರಗಳು ನಮ್ಮ ಕಡೆ ಹೀಗಿರುತ್ತವೆ: ಕಾಲೊಳಗೆ ಇರುವೆ ಹರಿದಂಗೆ, ಜೀವ ತಡೀತಿಲ್ಲ, ಒಳಗಿಂದ ಯಾರೋ ಎಬ್ಬಿಸಿದಂಗೆ. ಈ ಕೊನೆಯದು ಅಪಾಯದ ಮಾತು, ಕೇಳುವವರಿಗೆ. ಕಾಯಿಲೆಯ ಭ್ರಮೆ ಎಂದು ಬರೆದುಬಿಡುವುದು ಸುಲಭ. "ಯಾರೋ ಅಂದ್ರೆ ಯಾರು?" ಎಂದು ಇನ್ನೊಂದು ಪ್ರಶ್ನೆ ಕೇಳಿ. "ಯಾರೂ ಇಲ್ಲ, ಹಂಗನ್ಸುತ್ತೆ ಅಷ್ಟೇ" ಎಂದರೆ ಅದು ಹೋಲಿಕೆ. "ರೈಟರ್ರು ರಿಮೋಟಲ್ಲಿ ಎಬ್ಬಿಸ್ತವ್ರೆ" ಎಂದರೆ ಬೇರೆ ವಿಷಯ. ಆಗಲೂ ಎರಡೂ ಒಟ್ಟಿಗೆ ಇರಬಹುದು ಎಂಬುದು ನೆನಪಿರಲಿ.

ಕೊನೆಗೆ ಇದನ್ನು ನೇರವಾಗಿ ಕೇಳಿ: "ಇದನ್ನ ತಡೆಯೋಕೆ ಆಗ್ದೆ ಸಾಯ್ಬೇಕು ಅನ್ನೋ ಯೋಚನೆ ಬಂದಿದೆಯಾ?" ತೀವ್ರ ಅಕಥೀಸಿಯಾ ಇದ್ದವರಲ್ಲಿ ಆತ್ಮಹತ್ಯೆಯ ಯೋಚನೆ ಬರುವುದುಂಟು. ಕೇಳಿದರೆ ಆ ಯೋಚನೆ ತಲೆಗೆ ಹಾಕಿದಂತಾಗುತ್ತದೆ ಎಂಬ ಹೆದರಿಕೆ ಬೇಡ, ಹಾಗಾಗುವುದಿಲ್ಲ. ಹೌದು ಎಂದರೆ ಅವರನ್ನು ಒಬ್ಬರೇ ಬಿಟ್ಟು ಬರಬೇಡಿ. ಅಲ್ಲಿಂದಲೇ ಸ್ಟಾಫನ್ನು ಕರೆಯಿರಿ.

5. ಬೇರೆ ಕಾರಣಗಳನ್ನು ತೆಗೆದುಹಾಕಿ

ಅಕಥೀಸಿಯಾ ಕಲಿತ ಹುಡುಗರಿಗೆ ಆಮೇಲೆ ಎಲ್ಲರ ಕಾಲೂ ಅಕಥೀಸಿಯಾ. ಅದಕ್ಕೇ ಈ ಹಂತ.

ತೋಟದ ಕೆಲಸದವರಲ್ಲಿ ಕುಡಿತ ಇದೆಯೇ ಎಂದು ಮನೆಯವರನ್ನು ಬೇರೆಯಾಗಿ ಕೇಳಿ. ಕುಡಿತ ನಿಂತ ಎರಡು ಮೂರು ದಿನದಲ್ಲಿ ಕೈ ನಡುಕ, ಬೆವರು, ನಾಡಿ ವೇಗ, ಗೊಂದಲ ಬಂದರೆ ಅದು ಬೇರೆಯದೇ ತುರ್ತು. ದಿನಕ್ಕೆ ಎರಡು ಕಟ್ಟು ಬೀಡಿ ಸೇದುವವರಿಗೆ ವಾರ್ಡಿನಲ್ಲಿ ಬೀಡಿ ಸಿಗದಿದ್ದರೂ ಚಡಪಡಿಕೆ ಆಗುತ್ತದೆ. ಇನ್ನೊಂದು, ಪುಸ್ತಕದಲ್ಲಿ ಕಣ್ಣಿಗೆ ಬೀಳದ್ದು: ತುಂಬಿದ ಮೂತ್ರಕೋಶ. ಟ್ರೈಹೆಕ್ಸಿಫೆನಿಡಿಲ್, ಪ್ರೊಮೆಥಜೀನ್ ಎರಡೂ ಮೂತ್ರ ಕಟ್ಟಿಸಬಹುದು, ಮಲಬದ್ಧತೆ ತರಬಹುದು. ವಯಸ್ಸಾದ ಅಜ್ಜ ಹಾಸಿಗೆಯಲ್ಲಿ ಹೊರಳಾಡುತ್ತಿದ್ದರೆ ಮೊದಲು "ಒಂದಕ್ಕೆ ಹೋಗಿದ್ರಾ?" ಎಂದು ಕೇಳಿ, ಕಿಬ್ಬೊಟ್ಟೆ ಮುಟ್ಟಿ ನೋಡಿ.

ಮಂಜನಿಗೆ ಕುಡಿತ ಇಲ್ಲ. ಬೀಡಿ ಅಪರೂಪ. ಮೂತ್ರ ಸಲೀಸು. ಜ್ವರ ಇಲ್ಲ. ನಾಡಿ 92, ಬಿಪಿ 118/76.

6. ಎರಡು ತುರ್ತುಗಳನ್ನು ಬೇರೆಯಾಗಿ ನೆನಪಿಡಿ

ಒಂದು, ಡಿಸ್ಟೋನಿಯಾ: ಸ್ನಾಯು ತಾನಾಗಿ ಬಿಗಿದು ತಿರುಚಿಕೊಳ್ಳುವುದು. ಯುವಕರಲ್ಲಿ ಜಾಸ್ತಿ. ಕಣ್ಣುಗುಡ್ಡೆ ಮೇಲೆ ಹೋಗಿ ಕತ್ತು ಹಿಂದಕ್ಕೆ ಬಾಗಿದಾಗ ಮನೆಯವರು "ಮೈಮೇಲೆ ಬಂತು" ಎನ್ನುತ್ತಾರೆ, ನೀವು ಫಿಟ್ಸ್ ಎನ್ನುತ್ತೀರಿ. ಫಿಟ್ಸ್‌ನಲ್ಲಿ ಪ್ರಜ್ಞೆ ತಪ್ಪುವುದು ಸಾಮಾನ್ಯ. ಇಲ್ಲಿ ಪ್ರಜ್ಞೆ ಪೂರ್ತಿ ಇರುತ್ತದೆ, ನೋವಿನಿಂದ ನಿಮ್ಮನ್ನೇ ಕರೆಯುತ್ತಿರುತ್ತಾರೆ. ಡಾಕ್ಟರ್ ಹೇಳಿದಂತೆ ಪ್ರೊಮೆಥಜೀನ್ ಇಂಜೆಕ್ಷನ್ ಕೊಟ್ಟರೆ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಸಡಿಲವಾಗುತ್ತದೆ. ದನಿ ಬದಲಾದರೆ, ನುಂಗಲಾಗದಿದ್ದರೆ, ಉಸಿರಾಟದಲ್ಲಿ ಸದ್ದು ಬಂದರೆ ಗಂಟಲ ಸ್ನಾಯು ಹಿಡಿದಿದೆ ಎಂದು ತಿಳಿದು ಕೂಗಿ ಸಹಾಯ ಕರೆಯಿರಿ, ಆಕ್ಸಿಜನ್ ತನ್ನಿ. ಬಾಯಿಗೆ ನೀರು ಹಾಕಬೇಡಿ.

ಎರಡು, ನ್ಯೂರೋಲೆಪ್ಟಿಕ್ ಮ್ಯಾಲಿಗ್ನೆಂಟ್ ಸಿಂಡ್ರೋಮ್. ಅಪರೂಪ, ಆದರೆ ಜೀವ ತೆಗೆಯಬಹುದು. ಜ್ವರ, ಸರಳಿನಂತೆ ಬಿಗಿದ ಮೈ, ಬೆವರು, ಏರಿಳಿಯುವ ಬಿಪಿ, ಮಂಕಾದ ಪ್ರಜ್ಞೆ. ಮಲೆನಾಡಿನ ಮಳೆಗಾಲದಲ್ಲಿ ಜ್ವರ ಎಂದರೆ ವೈರಲ್ ಇರಬೇಕು ಎಂದು ಪ್ಯಾರಾಸಿಟಮಾಲ್ ಕೊಟ್ಟು ಸುಮ್ಮನಾಗುತ್ತೇವೆ. ಆಂಟಿಸೈಕೋಟಿಕ್ ಮೇಲಿರುವವರಿಗೆ ಜ್ವರ ಬಂದರೆ ಮೊಣಕೈಯನ್ನು ಮೆಲ್ಲಗೆ ಮಡಚಿ ಬಿಡಿಸಿ ನೋಡಿ. ಬಿಗಿ ಇದ್ದರೆ ಮುಂದಿನ ಡೋಸ್ ಕೊಡುವ ಮೊದಲೇ ಡಾಕ್ಟರಿಗೆ ಹೇಳಿ. ಅವರು ಔಷಧ ನಿಲ್ಲಿಸಿ ರಕ್ತದಲ್ಲಿ ಸಿಪಿಕೆ ನೋಡಿಸುತ್ತಾರೆ. ಸ್ನಾಯು ಹಾಳಾದರೆ ಏರುವ ಅಂಶ ಅದು.

7. ಹೇಳುವುದು ಮತ್ತು ಬರೆಯುವುದು

"ಪೇಷಂಟ್ ಅಜಿಟೇಟೆಡ್, ಓಡಾಡುತ್ತಿದ್ದಾರೆ, ಎಸ್‌ಒಎಸ್ ಕೊಡಲಾಯಿತು." ಇದರಲ್ಲಿ ತೀರ್ಪಿದೆ, ಕಂಡದ್ದಿಲ್ಲ. ಹೀಗೆ ಬರೆಯಿರಿ (ಕೇಸ್ ಶೀಟಿಗೆ ಇಂಗ್ಲಿಷಿನಲ್ಲಿ ಹೋಗುತ್ತದೆ, ಒಳಗಿನ ಸರಕು ಇದೇ):

"ಆರನೇ ದಿನ, ಬೆಳಿಗ್ಗೆ 10:15. ನಾಲ್ಕನೇ ದಿನ ಹ್ಯಾಲೋಪೆರಿಡಾಲ್ ದಿನಕ್ಕೆ 10ರಿಂದ 15 ಮಿಲಿಗ್ರಾಂಗೆ ಏರಿದೆ, ನಿನ್ನೆ ರಾತ್ರಿ 5 ಮಿಲಿಗ್ರಾಂ ಇಂಜೆಕ್ಷನ್ ಹೆಚ್ಚುವರಿ. ಎರಡು ನಿಮಿಷ ಕೂತಾಗ ಎರಡು ಸಲ ಎದ್ದರು, ಪಾದ ಉಜ್ಜುತ್ತಿದ್ದರು. ನಿಂತಾಗ ಸತತವಾಗಿ ಕಾಲು ಬದಲಾಯಿಸಿದರು. 'ಕಾಲೇ ಬಿಡ್ತಿಲ್ಲ, ಓಡಾಡಿದ್ರೆ ಸ್ವಲ್ಪ ವಾಸಿ' ಎಂದರು. ಮನೆಯಲ್ಲಿ ಹೀಗಿರಲಿಲ್ಲ. ದನಿ ಕಮ್ಮಿಯಾಗಿದೆ, ಊಟ ಮಾಡುತ್ತಿದ್ದಾರೆ. ಸಾಯುವ ಯೋಚನೆ ಇಲ್ಲ ಎಂದರು. ತಾಪಮಾನ ಸಹಜ, ಕೈ ಬಿಗಿ ಇಲ್ಲ, ನಾಡಿ 92, ಬಿಪಿ 118/76. ಅಕಥೀಸಿಯಾ ಇರಬಹುದೇ ಎಂದು ಡಾಕ್ಟರ್ ಗಮನಕ್ಕೆ ತರಲಾಗಿದೆ."

ಹೇಳುವಾಗ "ಸರ್, ಡೋಸ್ ಜಾಸ್ತಿ ಆಯ್ತು" ಎಂದು ಶುರು ಮಾಡಬೇಡಿ. ನಾನೂ ಹಿಂದೆ ಹಾಗೆ ಹೇಳಿ ಬೈಸಿಕೊಂಡಿದ್ದೇನೆ. "ಸರ್, ರಾತ್ರಿ ಎಸ್‌ಒಎಸ್ ಮತ್ತೆ ಕೊಡೋ ಮೊದಲು ಇವರ ಕಾಲು ಒಮ್ಮೆ ನೋಡ್ತೀರಾ?" ಎಂದರೆ ಕೆಲಸ ಆಗುತ್ತದೆ. ನೀವು ಇನ್ನೂ ವಿದ್ಯಾರ್ಥಿ, ಹಾಗಾಗಿ ಸ್ಟಾಫ್ ನರ್ಸ್ ಮೂಲಕವೇ ಹೋಗಿ.

ಎಸ್‌ಒಎಸ್ ಇಂಜೆಕ್ಷನ್ ಕೊಟ್ಟ ಮೇಲೆ ಮಲಗಿದ್ದರಿಂದ "ಕೆಲಸ ಮಾಡಿತು" ಎಂದು ಮೋಸ ಹೋಗಬೇಡಿ. ಮಲಗಿಸಿದ್ದರಲ್ಲಿ ಪ್ರೊಮೆಥಜೀನ್ ಪಾಲು ದೊಡ್ಡದು. ನಿದ್ದೆ ಇಳಿದ ಮೇಲೆ ಕಾಲು ಹೇಗಿದೆ ಎಂದು ನೋಡಿ ಬರೆಯಿರಿ.

8. ಆಮೇಲಿನ ಆರೈಕೆ

ಡಾಕ್ಟರು ಸಾಮಾನ್ಯವಾಗಿ ಡೋಸ್ ಇಳಿಸುತ್ತಾರೆ, ಅಥವಾ ಈ ತೊಂದರೆ ಕಮ್ಮಿ ಇರುವ ಬೇರೆ ಔಷಧಕ್ಕೆ ಬದಲಾಯಿಸುತ್ತಾರೆ, ಅಥವಾ ಪ್ರೊಪ್ರಾನೊಲಾಲ್ ಸೇರಿಸುತ್ತಾರೆ. ಮಂಜನಿಗೆ ಹ್ಯಾಲೋಪೆರಿಡಾಲ್ ಮತ್ತೆ 10ಕ್ಕೆ ಇಳಿಯಿತು, ಪ್ರೊಪ್ರಾನೊಲಾಲ್ 20 ಮಿಲಿಗ್ರಾಂ ದಿನಕ್ಕೆ ಎರಡು ಸಲ ಬಂತು.

ಪ್ರೊಪ್ರಾನೊಲಾಲ್ ಕೊಡುವ ಮೊದಲು ನಿಮ್ಮ ಕೆಲಸ ಎರಡು. "ಉಬ್ಬಸ, ದಮ್ಮು ಇದೆಯಾ?" ಎಂದು ಕೇಳಿ. ಅಸ್ತಮಾ ಇದ್ದವರಿಗೆ ಇದು ಅಪಾಯ. ನಾಡಿ, ಬಿಪಿ ನೋಡಿ. ನಾಡಿ 60ಕ್ಕಿಂತ ಕೆಳಗೆ, ಮೇಲಿನ ಬಿಪಿ 100ಕ್ಕಿಂತ ಕೆಳಗೆ ಇದ್ದರೆ ಕೊಡದೆ ಮೊದಲು ಕೇಳಿ.

ಔಷಧ ಕೆಲಸ ಮಾಡುವವರೆಗೆ ಓಡಾಡಲು ಬಿಡಿ. ಊಟಕ್ಕೆ ಕೂರಲೇಬೇಕು ಎಂದು ಹಠ ಬೇಡ, ನಿಂತೇ ತಿನ್ನಲಿ. ಓಡಾಡುವವರಿಗೆ ನೀರು ಮರೆತುಹೋಗುತ್ತದೆ, ಕೇಳಿ ಕೇಳಿ ಕೊಡಿ. ಪಾದದಲ್ಲಿ ಬೊಬ್ಬೆ ಎದ್ದಿದೆಯೇ ನೋಡಿ. ಮುಖ್ಯವಾಗಿ ಅವರಿಗೆ ಹೇಳಿ: "ಇದು ನಿಮ್ಮ ಕಾಯಿಲೆ ಅಲ್ಲ, ನಿಮ್ಮ ತಪ್ಪೂ ಅಲ್ಲ. ಮಾತ್ರೆಯಿಂದ ಆಗ್ತಿರೋದು, ಸರಿ ಮಾಡ್ತಿದ್ದಾರೆ."

ಓಡಾಡುತ್ತಾರೆ ಎಂದು ಕಟ್ಟಿಹಾಕುವುದು ಇಲ್ಲವೇ ಇಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಆಗಲೇ ಆಗಬಹುದಾದ ಹಾನಿಯನ್ನು ತಪ್ಪಿಸಲು ಬೇರೆ ದಾರಿಯೇ ಇಲ್ಲದಾಗ ಮಾತ್ರ, ಸೈಕಿಯಾಟ್ರಿಸ್ಟ್ ಒಪ್ಪಿಗೆಯಿಂದ, ದಾಖಲೆ ಇಟ್ಟು ಕಟ್ಟಬಹುದು. ಪೇಷಂಟ್ ಹೆಸರಿಸಿದ ಪ್ರತಿನಿಧಿಗೆ 24 ಗಂಟೆಯೊಳಗೆ ತಿಳಿಸಬೇಕು.

ಎರಡು ನಿಮಿಷದ ಪರೀಕ್ಷೆಯನ್ನು ದಿನಾ ಅದೇ ಹೊತ್ತಿಗೆ ಮತ್ತೆ ಮಾಡಿ. ಮಂಜ ಎಂಟನೇ ದಿನ ಎರಡು ನಿಮಿಷ ಪೂರ್ತಿ ಕೂತ, ಪಾದ ಮಾತ್ರ ಅಲ್ಲಾಡುತ್ತಿತ್ತು. ರಾತ್ರಿ ಐದು ಗಂಟೆ ನಿದ್ದೆ.

ಕೆಲವು ದಿನ ಬಿಟ್ಟು ಉಲ್ಟಾ ತಪ್ಪೂ ಆಗುತ್ತದೆ. ಪೇಷಂಟ್ ಈಗ ಅಲ್ಲಾಡುವುದೇ ಇಲ್ಲ, ಮುಖ ಬೊಂಬೆಯಂತಿದೆ, ನೀವು "ನೆಗೆಟಿವ್ ಲಕ್ಷಣ" ಎಂದು ಬರೆಯುತ್ತೀರಿ. ನಡೆಸಿ ನೋಡಿ. ಕೈ ಬೀಸುತ್ತಿಲ್ಲ, ಹೆಜ್ಜೆ ಚಿಕ್ಕದಾಗಿದೆ, ಜೊಲ್ಲು ಸುರಿಯುತ್ತಿದೆ, ಮೊಣಕೈ ಬಿಗಿ ಇದೆ ಎಂದರೆ ಅದೂ ಮಾತ್ರೆಯದೇ ಇರಬಹುದು.

9. ಮನೆಗೆ ಕಳಿಸುವ ದಿನ

ಮಾತ್ರೆ ಬಿಟ್ಟುಬಿಡಲು ಅಕಥೀಸಿಯಾ ದೊಡ್ಡ ಕಾರಣ. "ಆ ಮಾತ್ರೆ ತಗೊಂಡ್ರೆ ಜೀವ ಹೋದಂಗಾಗುತ್ತೆ" ಎಂದು ಬಿಡುತ್ತಾರೆ, ಮನೆಯವರು ಹಠಮಾರಿತನ ಎಂದುಕೊಳ್ಳುತ್ತಾರೆ. ಹಾಗಾಗಿ ಮಂಜನ ಅಮ್ಮನಿಗೆ ಹೇಳಬೇಕಾದ್ದನ್ನು ಇಷ್ಟಕ್ಕೆ ಇಳಿಸಿ: "ಅಮ್ಮ, ಅವನು ಮತ್ತೆ ಕೂರೋಕಾಗ್ದೆ ಓಡಾಡಿದ್ರೆ, ಕತ್ತು ತಿರುಗಿದ್ರೆ, ಮೈ ಬಿಗಿದು ಜ್ವರ ಬಂದ್ರೆ ಮಾತ್ರೆ ಪಟ್ಟಿ ಹಿಡ್ಕೊಂಡು ಬನ್ನಿ. ಜ್ವರ ಬಿಗಿತ ಒಟ್ಟಿಗೆ ಬಂದ್ರೆ ಆಗಿಂದಾಗ್ಲೇ ಬನ್ನಿ, ಬೆಳಗಾಗ್ಲಿ ಅಂತ ಕಾಯಬೇಡಿ. ಬೇರೆ ಆಸ್ಪತ್ರೆಗೆ ಹೋದ್ರೂ ಹ್ಯಾಲೋಪೆರಿಡಾಲಿಂದ ಹೀಗಾಗಿತ್ತು ಅಂತ ಹೇಳಿ." ಔಷಧದ ಹೆಸರನ್ನು ಡಿಸ್ಚಾರ್ಜ್ ಚೀಟಿಯಲ್ಲಿ ದಪ್ಪಗೆ ಬರೆಸಿ. ದೂರದ ಊರಿನವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416 ಕೊಡಿ. ಅದು ಉಚಿತ, ಹಗಲೂ ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತಾಡಬಹುದು.

ಹೇಳಿದ ಮೇಲೆ ಅವರಿಂದಲೇ ಒಮ್ಮೆ ತಿರುಗಿ ಹೇಳಿಸಿ. ಮಂಜನ ಅಮ್ಮ ಜ್ವರದ ಮಾತನ್ನು ಬಿಟ್ಟು ಉಳಿದದ್ದೆಲ್ಲ ಸರಿಯಾಗಿ ಹೇಳಿದರು ಎಂದಿಟ್ಟುಕೊಳ್ಳಿ. ಆಗ ಅದೊಂದನ್ನೇ ಮತ್ತೆ ಹೇಳಿ, ಮತ್ತೆ ಕೇಳಿ.